10,000 ಎಂಎಎಚ್ ಪವರ್ ಬ್ಯಾಂಕ್, ಎರಡು ಸಲ ಯಾಕೆ ಚಾರ್ಜ್ ಆಗಲ್ಲ?

ದಾವಣಗೆರೆಯಿಂದ ಒಬ್ಬ ವೀಕ್ಷಕರು ಕೇಳಿದ್ದಾರೆ: 'ನನ್ನ ಫೋನ್ ಬ್ಯಾಟರಿ 5,000, ಪವರ್ ಬ್ಯಾಂಕ್ 10,000. ಎರಡು ಸಲ ಫುಲ್ ಆಗಬೇಕಲ್ವಾ? ಒಂದೂವರೆಗೇ ಸುಸ್ತಾಗುತ್ತೆ. ಮೋಸನಾ?'

ಮೋಸ ಅಲ್ಲ. ಆದ್ರೆ ಡಬ್ಬಿ ಮೇಲೆ ದಪ್ಪಗೆ ಯಾವುದನ್ನ ಬರೀಬೇಕು, ಸಣ್ಣಗೆ ಯಾವುದನ್ನ ಬರೀಬೇಕು ಅನ್ನೋದು ಕಂಪನಿಗಳಿಗೆ ಚೆನ್ನಾಗಿ ಗೊತ್ತು.

ಆ 10,000 ಒಳಗಿರೋ ಸೆಲ್‌ನ ಲೆಕ್ಕ. ಸೆಲ್ ಇರೋದು ಸರಾಸರಿ 3.7 ವೋಲ್ಟ್‌ನಲ್ಲಿ, ಯುಎಸ್‌ಬಿಗೆ ಬೇಕಾಗಿರೋದು 5 ವೋಲ್ಟ್. ಒಳಗಿನ ಸರ್ಕ್ಯೂಟ್ ವೋಲ್ಟೇಜ್ ಏರಿಸುತ್ತೆ, ಅದಕ್ಕೆ ತಕ್ಕ ಹಾಗೆ ಎಂಎಎಚ್ ಇಳಿದು 7,400 ಆಗುತ್ತೆ.

[ಸ್ಕ್ರೀನ್ ಮೇಲೆ: 10,000 × 3.7 ÷ 5 = 7,400]

'ನೋಡಿ, 2,600 ಹೋಯ್ತು' ಅಂತ ತುಂಬಾ ಜನ ಇಲ್ಲಿಗೇ ವಿಡಿಯೋ ಮುಗಿಸ್ತಾರೆ. ಹೋಗಿಲ್ಲ ಸ್ವಾಮಿ! ವೋಲ್ಟೇಜ್ ಜಾಸ್ತಿ ಆಗಿದೆ, ಎಂಎಎಚ್ ಕಮ್ಮಿ ಆಗಿದೆ, ಎಂಎಎಚ್‌ನ ವೋಲ್ಟ್‌ನಿಂದ ಗುಣಿಸಿ ಸಾವಿರದಿಂದ ಭಾಗಿಸಿದ್ರೆ ಸಿಗೋ ಶಕ್ತಿ ಅಷ್ಟೇ ಇದೆ, 37 ವ್ಯಾಟ್ ಅವರ್. ನಿಮ್ಮ ಫೋನ್ ಬ್ಯಾಟರಿಯೂ 3.85 ವೋಲ್ಟ್‌ದು ಅಂದ್ಕೊಳ್ಳಿ, ಅದರ 5,000 ಅಂದ್ರೆ ಸುಮಾರು 19 ವ್ಯಾಟ್ ಅವರ್. 37ರಲ್ಲಿ 19 ಹೆಚ್ಚುಕಮ್ಮಿ ಎರಡು ಸಲ ಬರಲೇಬೇಕು.

ಹಾಗಾದ್ರೆ ಹೋಗೋದು ಎಲ್ಲಿ? ದಾರಿಯಲ್ಲಿ.

ನಮ್ಮ ಕಡೆ ಭದ್ರಾ ನಾಲೆ ಇದೆಯಲ್ಲ, ಡ್ಯಾಮ್‌ನಿಂದ ಎಷ್ಟು ನೀರು ಬಿಟ್ಟರು ಅಂತ ಪೇಪರ್‌ನಲ್ಲಿ ಬರುತ್ತೆ, ಆದ್ರೆ ನಾಲೆಯ ಕೊನೆಯಲ್ಲಿ ಭತ್ತ ಹಾಕಿ ಕೂತ ರೈತನನ್ನ ಕೇಳಿ ನೋಡಿ, ಅವನ ಲೆಕ್ಕನೇ ಬೇರೆ. ನೀರು ಬಿಟ್ಟಿದ್ದು ಸುಳ್ಳಲ್ಲ, ಗದ್ದೆಗೆ ಅಷ್ಟು ಬರಲಿಲ್ಲ ಅನ್ನೋದೂ ಸುಳ್ಳಲ್ಲ. ಇಂಗಿದ್ದು, ಆವಿಯಾಗಿದ್ದು, ಮಧ್ಯದಲ್ಲಿ ಯಾರೋ ಪಂಪ್‌ಸೆಟ್ ಇಟ್ಟಿದ್ದು (ಹೆಸರು ಹೇಳಲ್ಲ, ಊರಿಗೆ ಹೋಗಬೇಕು ನಾನು), ಎಲ್ಲ ಕಳೆದು ಉಳಿದಿದ್ದು ಅವನಿಗೆ. ಪವರ್ ಬ್ಯಾಂಕ್ ಡಬ್ಬಿ ಮೇಲಿರೋದು ಡ್ಯಾಮ್ ಲೆಕ್ಕ. ನಿಮ್ಮ ಫೋನ್ ಕೊನೆ ಗದ್ದೆ.

ಇಲ್ಲಿ ಸೋರಿಕೆ ಅಂದ್ರೆ ಬಿಸಿ. ವೋಲ್ಟೇಜ್ ಏರಿಸುವಾಗ ನೂರರಲ್ಲಿ ಹತ್ತು ಹನ್ನೆರಡು ಹೋಗುತ್ತೆ, 37 ಇದ್ದದ್ದು 32-33ಕ್ಕೆ ಇಳಿಯುತ್ತೆ. ಬಂದ 5 ವೋಲ್ಟನ್ನ ಫೋನ್ ಮತ್ತೆ ತನ್ನ ಬ್ಯಾಟರಿ ಮಟ್ಟಕ್ಕೆ ಇಳಿಸಿಕೊಳ್ಳಬೇಕು, ಅಲ್ಲಿ ಇನ್ನೊಂದಿಷ್ಟು. ಕೇಬಲ್ ತೆಳ್ಳಗಿದ್ರೆ ಅದರದ್ದೂ ಪಾಲು. ಕೊನೆಗೆ ಬ್ಯಾಟರಿ ಸೇರೋದು 27-28. ಅದನ್ನ 19ರಿಂದ ಭಾಗಿಸಿ, ಒಂದೂವರೆಗಿಂತ ಚೂರು ಕಮ್ಮಿ. ಕೈಯಲ್ಲಿ ಹಿಡಿದಾಗ ಎರಡೂ ಬೆಚ್ಚಗಿರುತ್ತಲ್ಲ, ಉಳಿದ ಅರ್ಧ ಚಾರ್ಜ್ ಅದೇ.

ಟೈಮ್ ಆಗ್ತಿದೆ, ಬೇಗ ಹೇಳ್ತೀನಿ. ವೈರ್‌ಲೆಸ್ ಪವರ್ ಬ್ಯಾಂಕ್‌ನಲ್ಲಿ ಸೋರಿಕೆ ಇನ್ನೂ ಜಾಸ್ತಿ. ಚಾರ್ಜ್‌ಗೆ ಹಾಕಿ ರೀಲ್ಸ್ ನೋಡ್ತಾ ಇದ್ರೆ ಅದೂ ಇದರಲ್ಲೇ ಕಳೀತು. ಕೊಳ್ಳುವಾಗ ಹಿಂಭಾಗದಲ್ಲಿ ಇರುವೆ ಸೈಜ್ ಅಕ್ಷರದಲ್ಲಿರೋ 'ರೇಟೆಡ್ ಕೆಪಾಸಿಟಿ' ಓದಿ. 10,000ದ್ದಕ್ಕೆ 5 ವೋಲ್ಟ್‌ನಲ್ಲಿ 6,000 ಆಸುಪಾಸು ಇದ್ರೆ ಸರಿಯಾಗಿದೆ. 5 ವೋಲ್ಟ್‌ನಲ್ಲೇ ಪೂರ್ತಿ 10,000 ಕೊಡ್ತೀವಿ ಅಂತ ಬರೆದಿದ್ರೆ, 37ರಿಂದ 50 ವ್ಯಾಟ್ ಅವರ್ ಹೇಗೆ ಬಂತು ಅಂತ ಅಂಗಡಿಯವರನ್ನೇ ಕೇಳಿ.