ನಂದಿಬೆಟ್ಟದ ರಸ್ತೆಗೆ ಕೊರಕಲುಗಳ ನಕ್ಷೆ ಬೇಕು

ನಮಸ್ಕಾರ. 2021ರ ಆಗಸ್ಟ್ 24ರ ರಾತ್ರಿ ನಂದಿಬೆಟ್ಟದಲ್ಲಿ ಜೋರು ಮಳೆ ಸುರಿಯಿತು. ಪಕ್ಕದ ಬ್ರಹ್ಮಗಿರಿ ಬೆಟ್ಟದ ಕಡೆಯಿಂದ ಮಣ್ಣು, ಬಂಡೆ, ಬುಡಸಮೇತ ಕಿತ್ತ ಮರಗಳು ಒಟ್ಟಿಗೆ ಇಳಿದು, ಮೇಲಕ್ಕೆ ಹೋಗುವ ರಸ್ತೆಯನ್ನೇ ಕೊಚ್ಚಿಕೊಂಡು ಹೋದವು. ಬೆಟ್ಟ ತಿಂಗಳುಗಟ್ಟಲೆ ಪ್ರವಾಸಿಗರಿಗೆ ಮುಚ್ಚಿತ್ತು. ಗುಡ್ಡ ಕುಸಿಯುವುದು ಕೊಡಗಿನಲ್ಲಿ, ಉತ್ತರ ಕನ್ನಡದಲ್ಲಿ, ನಮ್ಮ ಬಯಲುಸೀಮೆಯಲ್ಲಲ್ಲ ಎಂಬ ನಂಬಿಕೆ ಅಂದೇ ಹೋಗಬೇಕಿತ್ತು. ಹೋಗಿಲ್ಲ ಎಂಬುದೇ ನನ್ನ ಸಂಕಟ.

ನಮ್ಮ ಬೆಟ್ಟ ಕುಸಿಯುವ ರೀತಿಯೇ ಬೇರೆ. ಕೊಡಗಿನಲ್ಲಿ ಮಣ್ಣಿನ ಹೊದಿಕೆ ದಪ್ಪ. ಇಲ್ಲಿ ಅಡಿಯಲ್ಲಿ ಗಟ್ಟಿ ಬಂಡೆ, ಅದರ ಮೇಲೆ ಕಲ್ಲು ಕೊಳೆತು ಆದ ಗರಸು ಮಣ್ಣಿನ ತೆಳುವಾದ ಪದರ, ಅದರೊಳಗೆ ಅಲ್ಲಲ್ಲಿ ಹೂತು ಕುಳಿತ ಗುಂಡುಕಲ್ಲುಗಳು. ಮಣ್ಣು ತನ್ನ ಭಾರದಿಂದಲೇ ಬಂಡೆಯನ್ನು ಕಚ್ಚಿಕೊಂಡಿರುತ್ತದೆ. ನಾಲ್ಕಾರು ದಿನ ಮಳೆ ಹಿಡಿದು ಗರಸು ನೆನೆದರೆ, ನೀರು ಗಟ್ಟಿ ಬಂಡೆಯೊಳಗೆ ಇಳಿಯಲಾರದೆ ಎರಡರ ನಡುವೆ ನಿಲ್ಲುತ್ತದೆ. ನಿಂತ ನೀರು ಮಣ್ಣಿನ ಭಾರದ ಒಂದಷ್ಟನ್ನು ಕೆಳಗಿನಿಂದ ಎತ್ತಿ ಹಿಡಿಯುತ್ತದೆ, ಕಚ್ಚು ಸಡಿಲವಾಗುತ್ತದೆ. ಆಮೇಲೆ ಒಂದೇ ರಾತ್ರಿ ಬಿರುಮಳೆ ಬಂದರೆ ಸಾಕು.

ಲೆಕ್ಕ ಹಾಕೋಣ. ಒಂದು ಕೊರಕಲಿನ ತಲೆಯ ಮೇಲೆ ಒಂದು ಹೆಕ್ಟೇರ್, ಅಂದರೆ ಸುಮಾರು ಎರಡೂವರೆ ಎಕರೆ ಬರಿ ಬಂಡೆ ಇದೆ ಎಂದುಕೊಳ್ಳಿ. ಅದರ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ ಆಗುವ ನೀರು ಹತ್ತು ಲಕ್ಷ ಲೀಟರ್. ಬೇಸಿಗೆಯಲ್ಲಿ ನಮ್ಮ ಬೀದಿಗೆ ಬರುವ ಹತ್ತು ಸಾವಿರ ಲೀಟರಿನ ಟ್ಯಾಂಕರ್ ನಿಮಗೆ ಗೊತ್ತು. ಅಂಥ ನೂರು ಟ್ಯಾಂಕರ್. ಬಂಡೆ ಹೆಚ್ಚೇನೂ ಹೀರುವುದಿಲ್ಲ. ಬಹುಪಾಲು ನೀರು ಆ ಒಂದೇ ಕೊರಕಲಿಗೆ ಇಳಿದು, ದಾರಿಯ ಗರಸನ್ನೂ ಗುಂಡುಗಳನ್ನೂ ಎತ್ತಿಕೊಂಡು ರಸ್ತೆಯ ಮೋರಿಗೆ ಬಂದು ಬಡಿಯುತ್ತದೆ.

ಕಳೆದ ಮಳೆಗಾಲದಲ್ಲಿ ಇಂಥದ್ದೇ ಒಂದು ಬೆಟ್ಟದ ರಸ್ತೆಯಲ್ಲಿ ಬೈಕ್ ನಿಲ್ಲಿಸಿ ಮೋರಿಯ ಬಾಯಿಗೆ ಬಗ್ಗಿ ನೋಡಿದೆ. ಅರ್ಧಕ್ಕೆ ಕಲ್ಲು, ಅದರ ಮೇಲೆ ಒಣಕೊಂಬೆ, ಕೊಂಬೆಗೆ ಸಿಕ್ಕಿಕೊಂಡ ನೀರಿನ ಬಾಟಲಿಗಳು. ಒಂದು ಗೇಣು ಜಾಗ ಮಾತ್ರ ತೆರೆದಿತ್ತು. ಮೋರಿ ಕಟ್ಟಿಕೊಂಡರೆ ನೀರು ರಸ್ತೆಯನ್ನು ಹತ್ತಿ, ಆಚೆಯ ಏರಿಯನ್ನು ಬುಡದಿಂದ ಕೊರೆಯುತ್ತದೆ. ರಸ್ತೆ ಹೋಗುವುದು ಹಾಗೆ.

ಕಲ್ಲು ಕ್ವಾರಿಗಳಿಂದಲೇ ಹೀಗಾಯಿತು ಎಂದು ಅನೇಕರು ಹೇಳಿದರು. ಸಿಡಿಮದ್ದಿನ ಅದುರಿಗೆ ಬಂಡೆಯ ಬಿರುಕು ಬಾಯಿಬಿಡಬಹುದು, ಆ ಅನುಮಾನವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ರಸ್ತೆಗಾಗಿ ನಾವೇ ಇಳಿಜಾರಿನ ಪಾದವನ್ನು ಕಡಿದಿದ್ದೇವಲ್ಲ, ಅದನ್ನೂ ಸೇರಿಸಿಯೇ ಮಾತಾಡಬೇಕು.

ಹಾಗಾದರೆ ನಕ್ಷೆ ಇಲ್ಲವೇ? ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯ ದೇಶದ ಗುಡ್ಡಗಾಡು ಪ್ರದೇಶಗಳಿಗೆ ಭೂಕುಸಿತದ ನಕ್ಷೆಗಳನ್ನು ಮಾಡುತ್ತಾ ಬಂದಿದೆ. ಅವುಗಳ ಅಳತೆ 1:50,000. ಕಾಗದದ ಮೇಲಿನ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲೆ 50 ಮೀಟರ್. ಹತ್ತು ಮೀಟರ್ ಅಗಲದ ಕೊರಕಲು ಅದರಲ್ಲಿ ಒಂದು ಕೂದಲೆಳೆ. ಜಿಲ್ಲೆಯಲ್ಲಿ ಯಾವ ಬೆಟ್ಟದ ಕಡೆ ಗಮನ ಕೊಡಬೇಕು ಎಂದು ತಿಳಿಯಲು ಆ ನಕ್ಷೆ ಸಾಕು. ಯಾವ ಮೋರಿಯ ಬಳಿ ಜನರನ್ನು ತಡೆಯಬೇಕು ಎಂದು ಹೇಳಲು ಸಾಲದು. ಇನ್ನೊಂದು ಮಿತಿಯೂ ಇದೆ: ಅದು ಎಲ್ಲಿ ಎಂದು ಹೇಳುತ್ತದೆ, ಯಾವಾಗ ಎಂದು ಹೇಳುವುದಿಲ್ಲ.

ಆದ್ದರಿಂದ ನನ್ನ ಒತ್ತಾಯ ಇಷ್ಟು. ರಸ್ತೆಯನ್ನು ಕಾಲ್ನಡಿಗೆಯಲ್ಲಿ ಹತ್ತಿ, ದಾಟುವ ಪ್ರತಿ ಕೊರಕಲಿಗೂ ಒಂದು ಸಂಖ್ಯೆ ಕೊಡಿ. ಅದರ ತಲೆಯಲ್ಲಿ ಎಷ್ಟು ಬಂಡೆ, ಮಧ್ಯದಲ್ಲಿ ಎಷ್ಟು ಸಡಿಲ ಗುಂಡು, ಕೆಳಗೆ ಮೋರಿ ಎಷ್ಟು ಅಗಲ ಎಂದು ಬರೆಯಿರಿ. ಹಿಂದೆ ಎಲ್ಲೆಲ್ಲಿ ಮಣ್ಣು ಬಂದಿತ್ತು ಎಂಬುದನ್ನು ಬುಡದ ಹಳ್ಳಿಗಳ ಹಿರಿಯರನ್ನು ಕೇಳಿ. ದನ ಮೇಯಿಸಿದವರ ನೆನಪಿನಲ್ಲಿ ಅದೆಲ್ಲ ಇರುತ್ತದೆ.

‘ಯಾವಾಗ’ ಎಂಬುದಕ್ಕೆ ಮಳೆಯ ಲೆಕ್ಕವೇ ದಾರಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಪಂಚಾಯಿತಿ ಮಟ್ಟದಲ್ಲಿವೆ. ಆದರೆ ಬುಡದಲ್ಲಿ ತುಂತುರು ಇದ್ದಾಗ ನೆತ್ತಿಯ ಮೇಲೆ ಧಾರೆ ಸುರಿಯುತ್ತಿರಬಹುದು. ಹಾಗಾಗಿ ಬೆಟ್ಟದ ಮೇಲೂ ಒಂದು ಮಾಪಕ ಇರಲಿ, ಅದರ ಅಂಕಿ ಬುಡದ ಚೆಕ್‌ಪೋಸ್ಟಿನವನ ಮೊಬೈಲಿಗೆ ಬರಲಿ. ಎಷ್ಟು ಮಿಲಿಮೀಟರಿಗೆ ಗೇಟು ಮುಚ್ಚಬೇಕು ಎಂಬುದನ್ನು ಬೇರೆ ಊರಿನಿಂದ ಎರವಲು ತರಲಾಗದು. ಪ್ರತಿ ಮಳೆಗೂ, ಪ್ರತಿ ಕಲ್ಲು ಉರುಳಿದ್ದಕ್ಕೂ ದಿನಾಂಕ ಬರೆದಿಟ್ಟರೆ ಕೆಲವು ಮಳೆಗಾಲಗಳಲ್ಲಿ ನಮ್ಮದೇ ಅಂಕಿ ಕಾಣತೊಡಗುತ್ತದೆ. ಅಲ್ಲಿಯವರೆಗೆ ಕಡಿಮೆ ಮಳೆಗೇ ಮುಚ್ಚುವುದು ಲೇಸು, ವ್ಯಾಪಾರಿಗಳು ಗೊಣಗಿದರೂ.

ಶನಿವಾರ ರಾತ್ರಿ ಮಳೆ ಬಂದರೆ ಭಾನುವಾರ ಸೂರ್ಯೋದಯ ನೋಡಲು ನಸುಕಿನಲ್ಲೇ ನೂರಾರು ವಾಹನಗಳು ಆ ಗೇಟಿನ ಮುಂದೆ ಸಾಲುಗಟ್ಟಿರುತ್ತವೆ. ನೀವು ಆ ಸಾಲಿನಲ್ಲಿದ್ದು, ರಸ್ತೆಗೆ ಸಣ್ಣ ಕಲ್ಲುಗಳು ಉರುಳುತ್ತಿದ್ದರೆ, ಇಲ್ಲವೇ ಧುಮ್ಮಿಕ್ಕುತ್ತಿದ್ದ ಕೊರಕಲು ಮಳೆ ನಿಲ್ಲದಿದ್ದರೂ ಇದ್ದಕ್ಕಿದ್ದಂತೆ ಬತ್ತಿದರೆ, ಮೇಲೆಲ್ಲೋ ಮಣ್ಣು ಅಡ್ಡ ಕಟ್ಟಿರಬಹುದು. ಮೊಬೈಲ್ ಎತ್ತಿ ವಿಡಿಯೊ ಮಾಡುತ್ತಾ ನಿಲ್ಲಬೇಡಿ. ಕೊರಕಲಿನ ದಾರಿ ಬಿಟ್ಟು ಪಕ್ಕದ ದಿಣ್ಣೆಗೆ ಸರಿಯಿರಿ, ಹಿಂದಿನ ವಾಹನದವರನ್ನೂ ಕೂಗಿ ಕರೆಯಿರಿ.