ಐದು ಕಾಗೆ ತಂತಿ ಮೇಲೆ: ಎಣಿಕೆ ಹಾಡನ್ನು ಕನ್ನಡಕ್ಕೆ ತರುವುದು ಹೀಗೆ

ನಮಸ್ಕಾರ. ಇವತ್ತು ಮಕ್ಕಳ ಎಣಿಕೆ ಹಾಡುಗಳ ಬಗ್ಗೆ ಮಾತಾಡೋಣ. ಬೆಂಗಳೂರಿನ ಸ್ಟುಡಿಯೋಗಳಲ್ಲಿ ಇಂಗ್ಲಿಷ್ ಎಣಿಕೆ ಹಾಡುಗಳು ಕನ್ನಡಕ್ಕೆ ಡಬ್ ಆಗುತ್ತವೆ. ಐದು ಜನ ಇರುತ್ತಾರೆ, ಒಬ್ಬ ಹೋಗುತ್ತಾನೆ, ನಾಲ್ಕು ಜನ ಉಳಿಯುತ್ತಾರೆ, ಆ ಥರದ ಹಾಡು. ಅಂಥದ್ದರ ಕನ್ನಡ ಹೀಗಿರುತ್ತದೆ ಅಂತಿಟ್ಟುಕೊಳ್ಳಿ: 'ಐವರು ಹುಡುಗರು ಕುಣಿಯುತ್ತಿದ್ದರು, ಒಬ್ಬನು ಜಾರಿ ಬಿದ್ದನು, ನಾಲ್ವರು ಹುಡುಗರು ಉಳಿದರು.' ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಈ ಹಾಡನ್ನು ಪೂರ್ತಿ ಕೇಳಿದ ಮಗುವಿನ ಕಿವಿಗೆ ಐದು, ನಾಲ್ಕು, ಮೂರು, ಎರಡು, ಒಂದು ಅನ್ನುವ ಪದಗಳು ಒಮ್ಮೆಯೂ ಬೀಳುವುದಿಲ್ಲ. ಬೀಳುವುದು ಐವರು, ನಾಲ್ವರು, ಮೂವರು, ಇಬ್ಬರು, ಒಬ್ಬ.

ಕನ್ನಡದಲ್ಲಿ ಮನುಷ್ಯರನ್ನು ಎಣಿಸುವ ಪದಗಳೇ ಬೇರೆ ಅಲ್ವಾ? 'ಎರಡು ಮಕ್ಕಳು' ಅಂತ ಮಾತಿನಲ್ಲಿ ಹೇಳುತ್ತೇವೆ, ನಿಜ. 'ಎರಡು ಅಣ್ಣ' ಅಂತ ಯಾರೂ ಹೇಳುವುದಿಲ್ಲ. ಮೂರು ವರ್ಷದ ಮಗುವಿಗೆ ಇಬ್ಬರು ಮತ್ತು ಎರಡು ಒಂದೇ ಲೆಕ್ಕ ಅಂತ ತಾನಾಗಿ ಹೊಳೆಯುವುದಿಲ್ಲ. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ತಮಿಳು ಅಥವಾ ಉರ್ದು. ಅಲ್ಲಿನ ಮಗುವಿಗೆ ಕನ್ನಡದ ಅಂಕಿಗಳ ಮೊದಲ ಪರಿಚಯ ಇಂಥ ಹಾಡಿನಿಂದಲೇ ಆಗಬಹುದು. ಹಾಗಾಗಿ ನನ್ನ ಮಾತು ಇಷ್ಟೇ: ಮೂಲ ಹಾಡಿನ ಪಾತ್ರ ಹೋಗಲಿ, ಕಥೆ ಹೋಗಲಿ, ಅಂಕಿ ಮಾತ್ರ ಹೋಗಬಾರದು. ಹುಡುಗರ ಜಾಗಕ್ಕೆ ಹಕ್ಕಿಯನ್ನೋ ಪ್ರಾಣಿಯನ್ನೋ ತಂದರೆ ಈ ತೊಂದರೆ ಅಲ್ಲಿಗೇ ಮುಗಿಯುತ್ತದೆ.

ಮುಂದಿನದು ತಾಳ. ಇಂಗ್ಲಿಷ್‌ನಲ್ಲಿ ಒಂದರಿಂದ ಹತ್ತರವರೆಗೆ ಏಳನ್ನು ಬಿಟ್ಟು ಎಲ್ಲವೂ ಒಂದೇ ಉಸಿರಿನ ಪದಗಳು. ಟ್ಯೂನಿನಲ್ಲಿ ಅಂಕಿಗೆ ಇಟ್ಟಿರುವುದು ಒಂದೇ ಸ್ವರ. ಆ ಸ್ವರಕ್ಕೆ 'ನಾಲ್ಕು' ತುರುಕಿದರೆ ಕೊನೆಯ ಉಕಾರ ಕೇಳಿಸುವುದೇ ಇಲ್ಲ. ಈಗ ನಮ್ಮ ಅಂಕಿಗಳ ಮಾತ್ರೆ ಎಣಿಸಿ ನೋಡಿ. ದೀರ್ಘಕ್ಕೆ ಎರಡು, ಹ್ರಸ್ವಕ್ಕೆ ಒಂದು, ಒತ್ತಕ್ಷರದ ಹಿಂದಿನದಕ್ಕೂ ಸೊನ್ನೆ ಇರುವ ಅಕ್ಷರಕ್ಕೂ ಎರಡು. ಒಂದು: ಮೂರು ಮಾತ್ರೆ. ಎರಡು: ಮೂರು ಹ್ರಸ್ವ, ಅದೂ ಮೂರೇ. ಮೂರು, ನಾಲ್ಕು, ಐದು, ಆರು, ಏಳು, ಎಂಟು, ಹತ್ತು, ಎಲ್ಲವೂ ಮೂರು ಮಾತ್ರೆ. ಒಂಬತ್ತು ಮಾತ್ರ ಐದು. ಎಷ್ಟು ಚೆಂದ ನೋಡಿ! ಮೂರು ಮಾತ್ರೆಯ ನಡೆಯಲ್ಲಿ ಟ್ಯೂನ್ ಕಟ್ಟಿದರೆ ಅಂಕಿ ತನ್ನಷ್ಟಕ್ಕೆ ಬಂದು ಕೂರುತ್ತದೆ. ಎಳೆಯುವುದೂ ಬೇಡ, ನುಂಗುವುದೂ ಬೇಡ.

ಇನ್ನು ಪ್ರಾಸ. ಎಣಿಕೆ ಹಾಡಿನಲ್ಲಿ ಪ್ರಾಸ ಇರುವುದು ಸುಮ್ನೆ ಚೆಂದಕ್ಕಲ್ಲ. ಹಿಂದಿನ ಸಾಲಿನ ಕೊನೆಯ ಸದ್ದು ಮುಂದಿನ ಅಂಕಿಯನ್ನು ಮಗುವಿನ ಬಾಯಿಗೆ ತರಬೇಕು. ಅದಕ್ಕೆ ಅಂಕಿ ಸಾಲಿನ ಕೊನೆಯಲ್ಲಿರಬೇಕು. ಆದರೆ ಕನ್ನಡದಲ್ಲಿ ವಾಕ್ಯದ ಕೊನೆಗೆ ಬರುವುದು ಕ್ರಿಯಾಪದ. ಪದಕ್ಕೆ ಪದ ಇಟ್ಟು ಅನುವಾದ ಮಾಡಿದರೆ ಬಿದ್ದವು, ಎದ್ದವು, ಇದ್ದವು ಅಂತ ಪ್ರಾಸ ಸಲೀಸಾಗಿ ಸಿಗುತ್ತದೆ. ಕೇಳಲೂ ಹಿತವಾಗಿರುತ್ತದೆ. ಆ ಸದ್ದಿಗೂ ಅಂಕಿಗೂ ಮಾತ್ರ ಸಂಬಂಧವೇ ಇಲ್ಲ. ಅಂಥ ಹಾಡಿನಲ್ಲಿ ಐದರ ಜಾಗದಲ್ಲಿ ಎಂಟು ಹಾಕಿದರೂ ಪ್ರಾಸ ಕೆಡುವುದಿಲ್ಲ. ಇದೇ ಒಂದು ಪರೀಕ್ಷೆ: ಅಂಕಿ ಬದಲಾಯಿಸಿದಾಗ ಹಾಡು ಮುರಿಯಬೇಕು.

ನಾನು ಕಟ್ಟುವುದಾದರೆ ಹೀಗೆ ಕಟ್ಟುತ್ತೇನೆ. ಗುಬ್ಬಿಯೂ ಮೂರು ಮಾತ್ರೆಯೇ, ಆದರೆ ನಮ್ಮೂರಿನ ಮಗು ಬಾಲ್ಕನಿಯಿಂದ ದಿನಾ ನೋಡುವುದು ಕಾಗೆಯನ್ನು.

ಐದು ಕಾಗೆ ತಂತಿ ಮೇಲೆ,
ಒಂದು ಹಾರಿ ಹೋಯ್ತು.
ಎಣಿಸಿ ನೋಡಿ ಹೇಳಬೇಕು,
ಉಳಿದ ಕಾಗೆ ನಾಲ್ಕು.

ಪ್ರತಿ ಪದವೂ ಮೂರು ಮಾತ್ರೆ, 'ಹೇಳಬೇಕು' ಮೂರು ಮೂರರ ಜೋಡಿ. 'ಬೇಕು' ಅಂದ ಕೂಡಲೇ 'ನಾಲ್ಕು' ಬರುತ್ತದೆ. ಮಗು 'ನಾಕು' ಅಂದರೂ ಪರವಾಗಿಲ್ಲ, ಮನೆಯಲ್ಲಿ ಅನ್ನುವುದೂ ಹಾಗೇ. 'ಐದು ಕಾಗೆಗಳು' ಅಂತ ಬರೆಯಲು ಹೋಗಬೇಡಿ. ಮಾತಿನಲ್ಲಿ ಐದು ಕಾಗೆ ಅಂದರೆ ಸಾಕು.

ಎರಡನೇ ಸಾಲನ್ನು ಗಮನಿಸಿ. 'ಹಾರಿ ಹೋಯ್ತು ಒಂದು' ಅಂತ ಬರೆದರೂ ತಾಳಕ್ಕೆ ಕೂರುತ್ತದೆ. ಆದರೆ ಆಗ ಪ್ರತಿ ಪದ್ಯದಲ್ಲೂ ಸಾಲಿನ ಕೊನೆಗೆ 'ಒಂದು' ಮೊಳಗುತ್ತದೆ, ಉತ್ತರದ ಅಂಕಿಗೆ ಪೈಪೋಟಿ ಕೊಡುತ್ತದೆ. ಅದಕ್ಕೇ ಅದನ್ನು ಸಾಲಿನ ಮೊದಲಿಗೆ ತಂದಿದ್ದು. 'ಒಂದು ದಿನ', 'ಒಂದು ಊರಲ್ಲಿ' ಅನ್ನುವ ತುಂಬುಪದಗಳೂ ಈ ಹಾಡಿನಲ್ಲಿ ಬೇಡ. ಎಣಿಸಲು ಅಲ್ಲದೆ ಬೇರೆ ಯಾವುದಕ್ಕೂ ಇಲ್ಲಿ ಒಂದು ಬರಬಾರದು.

ಮುಂದಿನ ಪದ್ಯಗಳಲ್ಲಿ ಮೊದಲೆರಡು ಸಾಲು ಅವೇ, ಅಂಕಿ ಮಾತ್ರ ಇಳಿಯುತ್ತದೆ. ಮೂರನೇ ಸಾಲು ಬದಲಾಗುತ್ತದೆ. 'ಯಾವ ತೋಟ, ಯಾವ ಊರು, ಉಳಿದ ಕಾಗೆ ಮೂರು.' 'ಕಪ್ಪು ರೆಕ್ಕೆ ಅಗಲ ಹರಡು, ಉಳಿದ ಕಾಗೆ ಎರಡು.' 'ಕತ್ತಲಾಯ್ತು ಬೇಗ ಇಂದು, ಉಳಿದ ಕಾಗೆ ಒಂದು.' ಮೂರಕ್ಕೆ 'ಊರು' ಯಾಕೆ, 'ಹಾರು' ಯಾಕಲ್ಲ? 'ಹಾರು' ಅಂದರೆ ಬಾಯಿಗೆ ಬರುವುದು 'ಆರು'. ಕೊನೆಯ 'ಕು' ನಾಲ್ಕಕ್ಕೆ ಮಾತ್ರ ಇದೆ, ಅಲ್ಲಿ 'ಬೇಕು' ಸಾಕು. 'ರು' ಮೂರಕ್ಕೂ ಇದೆ, ಆರಕ್ಕೂ ಇದೆ. ಹಾಗಾಗಿ ಇಲ್ಲಿ ಕೊನೆಯ 'ರು' ಸೇರಿದರೆ ಸಾಲದು, ಹಿಂದಿನ ಸ್ವರವೂ ಸೇರಬೇಕು.

ಕೊನೆಯ ಪದ್ಯದಲ್ಲಿ ಇನ್ನೊಂದು ಹಳ್ಳವಿದೆ. 'ಒಂದೂ ಉಳಿದಿಲ್ಲ' ಅಂತ ಬರೆಯುವುದು ಬಹಳ ಸಹಜ. ಪರದೆಯಲ್ಲಿ ತಂತಿ ಖಾಲಿ, ಕಿವಿಗೆ ಬೀಳುವುದು 'ಒಂದೂ'! ಹಾಗಾಗಿ ಹೀಗೆ:

ಒಂದು ಕಾಗೆ ತಂತಿ ಮೇಲೆ,
ಅದೂ ಹಾರಿ ಹೋಯ್ತು.
ಬೆರಳು ಮಡಚಿ ಮಾಡು ಸನ್ನೆ,
ತಂತಿ ಖಾಲಿ, ಸೊನ್ನೆ.

ಹತ್ತರಿಂದ ಶುರು ಮಾಡಬಹುದಲ್ಲ ಅಂತ ಕೇಳಬಹುದು. ಏಳಕ್ಕೆ ಹೇಳು, ಕೇಳು ಇವೆ, ಎಂಟಕ್ಕೆ ಗಂಟು, ದಂಟು ಇವೆ. ತೊಡಕು ಒಂಬತ್ತಿನದು. 'ಉಳಿದ ಕಾಗೆ ಒಂಬತ್ತು' ಹನ್ನೊಂದು ಮಾತ್ರೆ, ಸಾಲಿನ ಹನ್ನೆರಡರೊಳಗೆ ಹಿಡಿಯುತ್ತದೆ. 'ಒಂಬತ್ತು ಕಾಗೆ ತಂತಿ ಮೇಲೆ' ಹದಿನಾಲ್ಕಾಗಿ ತಾಳ ತಪ್ಪುತ್ತದೆ. ಅಲ್ಲಿ 'ತಂತಿ ಮೇಲೆ ಒಂಬತ್ತು' ಅಂತ ತಿರುಗಿಸಿ ಹಾಡಬೇಕು. ಅದಕ್ಕಿಂತ ದೊಡ್ಡ ಕಷ್ಟ, ಒಂಬತ್ತಿಗೂ ಹತ್ತಕ್ಕೂ ಕೊನೆಯ ಸದ್ದು ಒಂದೇ, ಹಿಂದಿನ ಸ್ವರವೂ ಒಂದೇ. ಪ್ರಾಸದಿಂದ ಇವನ್ನು ಬೇರೆ ಮಾಡಲು ಆಗುವುದಿಲ್ಲ. ಜೊತೆಗೆ ಹತ್ತು ಅಂದರೆ ಮರ ಹತ್ತುವುದೂ ಹೌದು, ಏಳು ಅಂದರೆ ನಿದ್ದೆಯಿಂದ ಏಳುವುದೂ ಹೌದು. ಚಿಕ್ಕ ಮಕ್ಕಳ ಮೊದಲ ಹಾಡು ಐದಕ್ಕೇ ನಿಲ್ಲಲಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ವಿಡಿಯೋ ಮಾಡುವವರಿಗೆ ಒಂದು ಕೋರಿಕೆ. ಇಂಗ್ಲಿಷ್ ಸಾಲಿನಲ್ಲಿ ಅಂಕಿ ಮೊದಲು ಬಂದರೆ ಆನಿಮೇಷನ್‌ನಲ್ಲೂ ಅದು ಸಾಲಿನ ಶುರುವಿಗೇ ಮಿನುಗುತ್ತದೆ. ಕನ್ನಡದಲ್ಲಿ ಅಂಕಿ ಕೊನೆಗೆ ಹೋಯಿತು. ಚಿತ್ರ ಹಾಗೇ ಬಿಟ್ಟರೆ ಪರದೆ ಮೇಲೆ 4 ಇರುವಾಗ ಮಗು 'ಉಳಿದ' ಅನ್ನುವುದನ್ನು ಕೇಳುತ್ತಿರುತ್ತದೆ. 'ಚಿತ್ರ ಲಾಕ್ ಆಗಿದೆ, ಮಾತು ಮಾತ್ರ ಬದಲಾಯಿಸಿ' ಅನ್ನುವ ಶರತ್ತನ್ನು ಈ ಹಾಡುಗಳಿಗೆ ಹಾಕಬೇಡಿ. ಕಾಗೆ 'ಹಾರಿ' ಅಂದಾಗ ಹಾರಲಿ, 4 'ನಾಲ್ಕು' ಅಂದಾಗಲೇ ಮೂಡಲಿ.

ರೆಕಾರ್ಡಿಂಗ್‌ಗೆ ಮುಂಚೆ ಹಾಡನ್ನು ಮಗುವಿನ ಜೊತೆ ಒಮ್ಮೆ ಹಾಡಿ ನೋಡಿ. ಮುಂದೆ ಐದು ಹುಣಸೆ ಬೀಜ ಇಡಿ. 'ಹಾರಿ ಹೋಯ್ತು' ಅಂದಾಗ ಒಂದನ್ನು ಮಗುವೇ ತೆಗೆಯಲಿ. 'ಉಳಿದ ಕಾಗೆ' ಅಂತ ಹೇಳಿ ನೀವು ನಿಲ್ಲಿಸಿ. ಮಗು ಬೀಜ ನೋಡಿ ನಾಲ್ಕು ಅಂದರೆ ಹಾಡು ಕೆಲಸ ಮಾಡುತ್ತಿದೆ. ಬೀಜ ನೋಡದೆಯೇ ಅಂದರೆ, ಒಂದು ಬೀಜವನ್ನು ಗುಟ್ಟಾಗಿ ಜಾಸ್ತಿ ತೆಗೆದು ಮತ್ತೆ ಹಾಡಿ. ಆಗಲೂ ನಾಲ್ಕು ಅಂತಲೇ ಬಂದರೆ ಮಗು ಕಲಿತಿರುವುದು ಬರೀ ಪ್ರಾಸವನ್ನು. ಆಗ ಮೂರನೇ ಸಾಲಿನ ನಂತರ ಎಣಿಸಲು ಸಮಯ ಸಿಗುವಷ್ಟು ವಾದ್ಯ ಮಾತ್ರ ನುಡಿಸಿ, ಆಮೇಲೆ ಅಂಕಿ ಹಾಡಿ.