ಎಫ್‌ಡಿ ರಸೀದಿಯ ಫೋಟೋ ನೋಡಿ ಮೆಚ್ಯೂರಿಟಿ ಲೆಕ್ಕ ತಾಳೆ ಹಾಕುವುದು

ಎಲ್ಲರಿಗೂ ನಮಸ್ಕಾರ. ಊರಲ್ಲಿರುವ ಅಪ್ಪ ಬ್ಯಾಂಕಿಗೆ ಹೋಗಿ ಎರಡು ಲಕ್ಷ ಎಫ್‌ಡಿ ಮಾಡಿ, ರಸೀದಿಯ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ. "ಸರಿ ಇದೆಯಾ ನೋಡಪ್ಪ" ಅಂತಾರೆ. ಸರಿ ಇದೆ ಅಂತ ಹೇಗೆ ಹೇಳುವುದು? ಇವತ್ತು ಅಂಥ ಒಂದು ರಸೀದಿಯನ್ನೇ ಹಿಡಿದು ನೋಡೋಣ.

ನಮ್ಮ ಉದಾಹರಣೆಯಲ್ಲಿ ಅಸಲು ₹2,00,000. ಬಡ್ಡಿ 7%. ಶುರುವಾದ ದಿನ 15/04/2025, ಮುಗಿಯುವ ದಿನ 15/04/2027. ಮೆಚ್ಯೂರಿಟಿ ಮೊತ್ತ ₹2,29,776.

ಲೆಕ್ಕಕ್ಕೆ ಮೊದಲು ಓದುವ ಕೆಲಸ ಇದೆ. ಮಸುಕು ಫೋಟೋದಲ್ಲಿ 7 ಹೋಗಿ 1 ಆಗುತ್ತದೆ, 3 ಹೋಗಿ 8 ಆಗುತ್ತದೆ. ಹಾಗಾಗಿ ಅಂಕಿಯನ್ನು ಮಾತ್ರ ನಂಬಬೇಡಿ. ಮೊತ್ತವನ್ನು ಅಕ್ಷರದಲ್ಲೂ ಬರೆದಿದ್ದರೆ ಎರಡನ್ನೂ ಓದಿ. ಅವಧಿ 24 ತಿಂಗಳು ಅಂತಿದ್ದರೆ ಎರಡು ತಾರೀಕುಗಳ ನಡುವೆ ಅಷ್ಟೇ ತಿಂಗಳು ಇವೆಯಾ ಅಂತ ಎಣಿಸಿ. ಮೂಲೆಯಲ್ಲಿರುವ ಮುದ್ರಣದ ದಿನವನ್ನು ಠೇವಣಿ ಶುರುವಾದ ದಿನ ಅಂದುಕೊಳ್ಳಬೇಡಿ. ನವೀಕರಣ ಆದ ಎಫ್‌ಡಿಗಳಲ್ಲಿ ಇವೆರಡೂ ಬೇರೆ ಬೇರೆ ಇರಬಹುದು.

ಇನ್ನೊಂದು ಕಡೆ ಎಡವುವುದು ಜಾಸ್ತಿ. ಕೆಲವು ರಸೀದಿಗಳಲ್ಲಿ ಎರಡು ಶೇಕಡಾ ಅಂಕಿಗಳಿರುತ್ತವೆ. ಒಂದು 7.00, ಇನ್ನೊಂದು 7.44. ಎರಡನೆಯದು ಬಡ್ಡಿ ದರ ಅಲ್ಲ. ಎರಡು ವರ್ಷಕ್ಕೆ ಬರುವ ಒಟ್ಟು ಬಡ್ಡಿಯನ್ನು ವರ್ಷಕ್ಕಿಷ್ಟು ಅಂತ ಹಂಚಿ ತೋರಿಸಿದ ಅಂಕಿ ಅದು. ಅದನ್ನೇ ದರ ಅಂದುಕೊಂಡು ಲೆಕ್ಕ ಹಾಕಿದರೆ ₹2,31,771 ಬರುತ್ತದೆ. ಬ್ಯಾಂಕು ಎರಡು ಸಾವಿರದಷ್ಟು ಕಡಿಮೆ ಕೊಡುತ್ತಿದೆ ಅಂತ ಸುಮ್ನೆ ಜಗಳ ಶುರುವಾಗುತ್ತದೆ.

ಈಗ ಲೆಕ್ಕ. ನಮ್ಮ ಬ್ಯಾಂಕುಗಳು ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಬಡ್ಡಿಯನ್ನು ಅಸಲಿಗೆ ಸೇರಿಸುತ್ತವೆ. ಅಂದರೆ ವರ್ಷಕ್ಕೆ ನಾಲ್ಕು ಸಲ. ಹಾಗಾಗಿ ದರವನ್ನು 400ರಿಂದ ಭಾಗಿಸಿ 1 ಕೂಡಿಸಿ. ನಮಗೆ ಸಿಗುವುದು 1.0175. ಎರಡು ವರ್ಷದಲ್ಲಿ ಎಂಟು ತ್ರೈಮಾಸಿಕ, ಅದಕ್ಕೆ ಎಂಟರ ಘಾತ ಬೇಕು. ಮೊಬೈಲಿನ ಸಾದಾ ಕ್ಯಾಲ್ಕುಲೇಟರ್ ಸಾಕು. 1.0175 ಅನ್ನು ಅದರಿಂದಲೇ ಗುಣಿಸಿ, ಬಂದ ಉತ್ತರವನ್ನು ಆ ಉತ್ತರದಿಂದಲೇ ಗುಣಿಸಿ, ಹೊಸ ಉತ್ತರಕ್ಕೂ ಇನ್ನೊಮ್ಮೆ ಹಾಗೇ ಮಾಡಿ. 1.14888 ಚಿಲ್ಲರೆ ಬರುತ್ತದೆ. ನಡುವೆ ದಶಮಾಂಶ ಕತ್ತರಿಸಬೇಡಿ. ಎರಡು ಲಕ್ಷದಿಂದ ಗುಣಿಸಿದರೆ ₹2,29,776. ರಸೀದಿಗೆ ತಾಳೆ ಆಯಿತು. ಎಕ್ಸೆಲ್ ಇದ್ದರೆ ಒಂದೇ ಸಾಲು:

```
=200000*(1+7/400)^8
```

ತಾಳೆ ಆಗದಿದ್ದರೆ? ನನಗೆ ಅತ್ಯಂತ ಉಪಯೋಗಕ್ಕೆ ಬಂದಿರುವುದು ಈ ಭಾಗವೇ. ಎಷ್ಟು ವ್ಯತ್ಯಾಸ ಬಂತು ಅನ್ನುವುದೇ ಎಲ್ಲಿ ತಪ್ಪಿದೆ ಅಂತ ಹೇಳಿಬಿಡುತ್ತದೆ. ರಸೀದಿಯಲ್ಲಿ ₹2,28,000 ಇದ್ದರೆ ಅದು ಸರಳ ಬಡ್ಡಿ. ₹2,28,980 ಇದ್ದರೆ ವರ್ಷಕ್ಕೊಮ್ಮೆ ಮಾತ್ರ ಬಡ್ಡಿ ಸೇರಿಸಿದ್ದಾರೆ. ಸರಿಯಾಗಿ ₹2,00,000 ಇದ್ದರೆ ಗಾಬರಿ ಬೇಡ, ಅದು ಬಡ್ಡಿಯನ್ನು ತಿಂಗಳಿಗೋ ಮೂರು ತಿಂಗಳಿಗೋ ಖಾತೆಗೆ ಹಾಕುವ ಯೋಜನೆ. ಆದರೆ ಅಪ್ಪ ಕೇಳಿದ್ದು ಆ ಯೋಜನೆಯನ್ನೇ ಅಲ್ವಾ ಅಂತ ಕೇಳಿ ಖಚಿತ ಮಾಡಿಕೊಳ್ಳಿ. ಇನ್ನು ₹2,29,116 ಅಂತ ಕಂಡರೆ ಮೊದಲು ಫೋಟೋ ದೊಡ್ಡದು ಮಾಡಿ ನೋಡಿ. ಎರಡು 7 ಹೋಗಿ ಎರಡು 1 ಆಗಿರುವ ಸಾಧ್ಯತೆ ಇದೆ.

ಅವಧಿ ದಿನಗಳಲ್ಲಿದ್ದರೆ, ಉದಾಹರಣೆಗೆ 400 ದಿನ, ಪೂರ್ತಿಯಾದ ತ್ರೈಮಾಸಿಕಗಳಿಗೆ ಚಕ್ರಬಡ್ಡಿ ಹಾಕಿ, ಉಳಿದ 35 ದಿನಕ್ಕೆ ಸರಳ ಬಡ್ಡಿ ಹಾಕುವುದು ಸಾಮಾನ್ಯ ಪದ್ಧತಿ. ಒಂದು ಲಕ್ಷಕ್ಕೆ 7% ದರದಂತೆ ₹1,07,905 ಬರುತ್ತದೆ. ಪೂರ್ತಿ ಅವಧಿಗೂ ಘಾತವನ್ನೇ ಹಾಕಿದರೆ ನಾಲ್ಕು ರೂಪಾಯಿಯಷ್ಟು ಕಡಿಮೆ ಬರುತ್ತದೆ. ಇಂಥ ಚಿಲ್ಲರೆ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಈ ಲೆಕ್ಕಕ್ಕೆ ಸಿಗದ ತಪ್ಪೊಂದಿದೆ. ಅಪ್ಪನಿಗೆ 60 ದಾಟಿದೆ. ಬಹಳ ಬ್ಯಾಂಕುಗಳು ಹಿರಿಯರಿಗೆ ಅರ್ಧ ಶೇಕಡಾ ಜಾಸ್ತಿ ಕೊಡುತ್ತವೆ. ಬ್ಯಾಂಕಿನ ದಾಖಲೆಯಲ್ಲಿ ಹುಟ್ಟಿದ ದಿನ ಸರಿ ಇಲ್ಲದಿದ್ದರೆ ರಸೀದಿ 7% ಅಂತಲೇ ಬರುತ್ತದೆ. ಒಳಗಿನ ಲೆಕ್ಕ ಪೂರ್ತಿ ಸರಿ, ದರ ಮಾತ್ರ ತಪ್ಪು. 7.5% ಆಗಿದ್ದರೆ ₹2,32,044 ಬರಬೇಕಿತ್ತು, ಅಂದರೆ ₹2,268 ಕೈತಪ್ಪುತ್ತದೆ. ಅದಕ್ಕೇ ಠೇವಣಿ ಇಟ್ಟ ದಿನ ಬ್ಯಾಂಕಿನ ಜಾಲತಾಣದಲ್ಲಿ ಹಿರಿಯರಿಗೆ ಎಷ್ಟು ದರ ಇತ್ತು ಅಂತ ನೋಡಿ. ತಪ್ಪಿದ್ದರೆ ವಯಸ್ಸಿನ ದಾಖಲೆ ಹಿಡಿದು ಆ ವಾರವೇ ಶಾಖೆಗೆ ಹೋಗಿ ಕೇಳುವುದು ಒಳ್ಳೆಯದು. ಎರಡು ವರ್ಷ ಬಿಟ್ಟು ಕೇಳಿದರೆ ಓಡಾಟವೇ ಜಾಸ್ತಿ.

ಕೊನೆಗೆ ಟಿಡಿಎಸ್. ರಸೀದಿಯಲ್ಲಿ ಸಾಮಾನ್ಯವಾಗಿ ಇರುವುದು ತೆರಿಗೆ ಹಿಡಿಯುವ ಮುಂಚಿನ ಮೊತ್ತ. ನಡುವೆ ತೆರಿಗೆ ಹಿಡಿದರೆ ಅಷ್ಟು ಹಣಕ್ಕೆ ಮುಂದೆ ಬಡ್ಡಿಯೂ ಸೇರುವುದಿಲ್ಲ. ಹಾಗಾಗಿ ಎರಡು ವರ್ಷದ ಮೇಲೆ ಕೈಗೆ ಸಿಕ್ಕ ದುಡ್ಡು ರಸೀದಿಗಿಂತ ಕಡಿಮೆ ಇದ್ದರೆ, ಮೊದಲು ಬಡ್ಡಿ ಪ್ರಮಾಣಪತ್ರ ಕೇಳಿ ಪಡೆದು ಎಷ್ಟು ತೆರಿಗೆ ಹಿಡಿದಿದ್ದಾರೆ ನೋಡಿ. ಅದನ್ನು ಕಳೆದ ಮೇಲೂ ಲೆಕ್ಕ ಕೂಡದಿದ್ದರೆ ಮ್ಯಾನೇಜರ್ ಹತ್ತಿರ ಹೋಗಿ.